ಕ್ಲಿಕ್ ದರ, ಪರಿವರ್ತನೆ ದರ, ಗ್ರಾಹಕ ಗಳಿಕೆ ವೆಚ್ಚ

ಆನ್‌ಲೈನ್ ಜಾಹೀರಾತಿನ ಫಲವನ್ನು ಅಳೆಯುವ ಮೂರು ಲೆಕ್ಕಗಳು. ಜಾಹೀರಾತು ಕಾಣಿಸಿಕೊಂಡ ಪ್ರತಿ ನೂರು ಸಲಕ್ಕೆ ಎಷ್ಟು ಕ್ಲಿಕ್ ಬಂದವು ಎಂಬುದು ಕ್ಲಿಕ್ ದರ. ಪ್ರತಿ ನೂರು ಕ್ಲಿಕ್ಕಿಗೆ ಎಷ್ಟು ಆರ್ಡರ್ ಬಂದವು ಎಂಬುದು ಪರಿವರ್ತನೆ ದರ. ಒಬ್ಬ ಹೊಸ ಗ್ರಾಹಕರನ್ನು ಪಡೆಯಲು ತಗುಲಿದ ಜಾಹೀರಾತು ಖರ್ಚು ಗ್ರಾಹಕ ಗಳಿಕೆ ವೆಚ್ಚ.

ಇಳಕಲ್ ಸೀರೆಯ ಅಂಗಡಿಯೊಂದು ಇನ್‌ಸ್ಟಾಗ್ರಾಂ ಜಾಹೀರಾತಿಗೆ ₹1,200 ಹಾಕಿತು ಎಂದುಕೊಳ್ಳೋಣ. ಅದು 10,000 ಸಲ ಕಾಣಿಸಿ 200 ಕ್ಲಿಕ್, ಹೊಸ ಗ್ರಾಹಕರಿಂದ ತಲಾ ಒಂದರಂತೆ 4 ಆರ್ಡರ್ ಬಂದವು. ಕ್ಲಿಕ್ ದರ ಶೇ. 2, ಪರಿವರ್ತನೆ ದರವೂ ಶೇ. 2, ಆದರೆ ಎರಡೂ ಒಂದೇ ಅಲ್ಲ. ಮೊದಲನೆಯದು ಚಿತ್ರ ಕಣ್ಣು ಸೆಳೆಯಿತೇ ಎಂದು ಹೇಳುತ್ತದೆ, ಎರಡನೆಯದು ಬಂದವರು ಕೊಂಡರೇ ಎಂದು. ಒಂದು ಆರ್ಡರಿಗೆ ಬಿದ್ದ ಖರ್ಚು, ಅಂದರೆ ಗ್ರಾಹಕ ಗಳಿಕೆ ವೆಚ್ಚ, ₹300. ಸೀರೆಯೊಂದಕ್ಕೆ ಉಳಿಯುವ ಲಾಭ ₹250 ಆದರೆ, ಪ್ರತಿ ಮಾರಾಟಕ್ಕೂ ₹50 ಕೈಯಿಂದ ಹೋಗುತ್ತದೆ. ಕ್ಲಿಕ್ ದರವೊಂದನ್ನೇ ನೋಡಿದವರಿಗೆ ಈ ನಷ್ಟ ಕಾಣುವುದೇ ಇಲ್ಲ.

ಅದೇ ಹಣಕ್ಕೆ ಅಷ್ಟೇ ಸಲ ಕಾಣಿಸಿದ, ಬೆಲೆಯನ್ನು ಚಿತ್ರದ ಮೇಲೆಯೇ ಬರೆದ ಜಾಹೀರಾತಿಗೆ 120 ಕ್ಲಿಕ್ಕಷ್ಟೇ ಬಂದು ಹೊಸ ಗ್ರಾಹಕರಿಂದ ತಲಾ ಒಂದರಂತೆ 6 ಆರ್ಡರ್ ಸಿಕ್ಕರೆ, ಕ್ಲಿಕ್ ದರ ಶೇ. 1.2ಕ್ಕೆ ಇಳಿದರೂ ವೆಚ್ಚ ₹200 ಆಗುತ್ತದೆ. ಅಂಗಡಿಗೆ ಬೇಕಾದದ್ದು ಇದೇ.

ಮೆಟಾದ ವರದಿಯಲ್ಲಿ `CTR (all)` ಎಂಬ ಕಾಲಂ ಲೈಕ್‌ನಂಥ ಒತ್ತುವಿಕೆಗಳನ್ನೂ ಸೇರಿಸುತ್ತದೆ. ಕೊಳ್ಳುವ ಪುಟದ ಲಿಂಕನ್ನು ಎಷ್ಟು ಸಲ ಒತ್ತಲಾಯಿತು ಎಂದು ತಿಳಿಯಲು ಲಿಂಕ್ ಕ್ಲಿಕ್‌ಗಳ ಕಾಲಮನ್ನೇ ನೋಡಬೇಕು. ಕ್ಯಾಶ್ ಆನ್ ಡೆಲಿವರಿಯಲ್ಲಿ ವಾಪಸು ಬಂದ ಪಾರ್ಸೆಲ್ಲನ್ನು ಲೆಕ್ಕದಿಂದ ಕಳೆಯಬೇಕು: ಮೊದಲ ಜಾಹೀರಾತಿನ ನಾಲ್ಕರಲ್ಲಿ ಒಂದು ಮರಳಿದರೆ ನಿಜವಾದ ವೆಚ್ಚ ₹400.