ಮೊದಲು ಜೀವ, ಆಮೇಲೆ ಮೂಳೆ

ತೊಡೆಮೂಳೆ ಮುರಿದರೆ 24 ಗಂಟೆಯೊಳಗೆ ಅದರ ಟೊಳ್ಳಿಗೆ ಸರಳು ತೂರಿಸಬೇಕೆಂಬ ನಂಬಿಕೆ 1980ರ ದಶಕದಲ್ಲಿ ಬಲವಾಯಿತು. ಆದರೆ ಎದೆಗೂ ಪೆಟ್ಟಾದವರಿಗೆ ಇದು ಅಪಾಯವೆಂದು 1993ರಲ್ಲಿ ಜರ್ಮನಿಯ ಹ್ಯಾನೋವರ್ ವೈದ್ಯರು ಎಚ್ಚರಿಸಿದರು. ಸರಳು ಇಳಿಯುವಾಗ ಮಜ್ಜೆಯ ಕೊಬ್ಬು ರಕ್ತದೊಡನೆ ಹರಿದು, ಮೊದಲೇ ದಣಿದ ಶ್ವಾಸಕೋಶವನ್ನು ಸೇರುತ್ತದೆ.

ಅಮೆರಿಕದ ಬಾಲ್ಟಿಮೋರ್ ವೈದ್ಯರು 2000ದಲ್ಲಿ ತಮ್ಮ ದಾರಿಯನ್ನು ವರದಿ ಮಾಡಿದರು. ಮುರಿತದ ಮೇಲೂ ಕೆಳಗೂ ಚರ್ಮದ ಮೂಲಕ ಮೂಳೆಗೆ ಪಿನ್ನು ತಿರುಗಿಸಿ, ಹೊರಗಿನಿಂದ ದಂಡವೊಂದಕ್ಕೆ ಬಿಗಿದರು. ಇದಕ್ಕೆ ಹಿಡಿದದ್ದು ಸುಮಾರು 35 ನಿಮಿಷ. ಹೋದ ರಕ್ತ 90 ಮಿಲಿಲೀಟರ್. ಒಳಸರಳಿಗಾದರೋ ಎರಡು ಗಂಟೆಗೂ ಹೆಚ್ಚು, 400 ಮಿಲಿಲೀಟರ್.

ರಕ್ತದ ಲ್ಯಾಕ್ಟೇಟ್ ಇಳಿದು, ಉಸಿರಾಟ ಸುಧಾರಿಸಿದ ಮೇಲೆ, ಸಾಮಾನ್ಯವಾಗಿ ಐದನೆಯ ದಿನದ ನಂತರ, ಸರಳಿನ ಸರದಿ. ಎರಡು ವಾರ ಮೀರಿದರೆ ಪಿನ್ನಿನ ರಂಧ್ರದ ಸೋಂಕು ಮೂಳೆಯೊಳಗಿಳಿಯುವ ಭಯ ಹೆಚ್ಚುತ್ತದೆ.