ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ

ಹೃದಯಾಘಾತ ಅಂದ್ರೆ ಬಹುತೇಕ ಸಲ ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗೋದು. ಆ ಹೆಪ್ಪನ್ನು ಕರಗಿಸುವ ಸ್ಟ್ರೆಪ್ಟೋಕೈನೇಸ್ ಎಂಬ ಔಷಧಿ 1950ರ ದಶಕದಲ್ಲೇ ವೈದ್ಯರ ಕೈಯಲ್ಲಿತ್ತು. ಆದರೂ ಅದು ಜೀವ ಉಳಿಸುತ್ತೆ ಅಂತ ಜಗತ್ತು ಒಪ್ಪಿದ್ದು 1980ರ ದಶಕದ ಕೊನೆಗೆ. ನಡುವಿನ ಮೂವತ್ತು ವರ್ಷ ಪ್ರಯೋಗಗಳೇನೋ ನಡೆದವು. ಆದರೆ ಹೆಚ್ಚಿನವು ತೀರಾ ಚಿಕ್ಕವು. 1959ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿದ್ದದ್ದು 23 ರೋಗಿಗಳು. ಒಂದಾದ ಮೇಲೊಂದು ಬಂದ ವರದಿಗಳಲ್ಲಿ ಬಹುಪಾಲು ಹೇಳಿದ್ದು ಒಂದೇ ಮಾತು: ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ.

ಈ 'ಗಮನಾರ್ಹ' ಅನ್ನೋ ಪದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಬೇರೆಯೇ ಅರ್ಥ ಇದೆ. ಔಷಧಿಯಿಂದ ಏನೂ ಆಗದಿದ್ದರೂ ಬರೀ ಅದೃಷ್ಟದಿಂದ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುವ ಸಾಧ್ಯತೆಯೇ ಪಿ-ಮೌಲ್ಯ. ಅದು 0.05ಕ್ಕಿಂತ ಕಡಿಮೆ ಇದ್ದರೆ ಫಲಿತಾಂಶ ಗಮನಾರ್ಹ ಅಂತಾರೆ. ಔಷಧಿ ನಿಜವಾಗಿಯೂ ಕೆಲಸ ಮಾಡುತ್ತಿದ್ದರೆ ಪ್ರಯೋಗವೊಂದು ಅದನ್ನು ಹಿಡಿಯುವ ಸಾಧ್ಯತೆಗೆ ಪವರ್ ಅಂತ ಹೆಸರು.

ಒಂದು ಲೆಕ್ಕ ಹಾಕೋಣ. ಔಷಧಿ ಇಲ್ಲದೆ 100ಕ್ಕೆ 13 ಜನ, ಔಷಧಿ ಕೊಟ್ಟರೆ 10.7 ಜನ ಸಾಯುತ್ತಾರೆ ಅಂದುಕೊಳ್ಳಿ. ಗುಂಪಿಗೆ 100 ಜನರಂತೆ ಇಂಥ ನೂರು ಪ್ರಯೋಗ ಮಾಡಿದರೆ ಗಮನಾರ್ಹ ಫಲಿತಾಂಶ ಸಿಗೋದು ಏಳೆಂಟರಲ್ಲಿ ಮಾತ್ರ. ಉಳಿದ ತೊಂಬತ್ತು ಚಿಲ್ಲರೆ ಪ್ರಯೋಗಗಳು, ಕೆಲಸ ಮಾಡುವ ಔಷಧಿಯನ್ನೇ ಪರೀಕ್ಷಿಸಿ, ಬರಿಗೈಲಿ ವಾಪಸ್ ಬರುತ್ತವೆ. ಪವರ್ 80% ಆಗಬೇಕಾದರೆ ಗುಂಪಿಗೆ ಸುಮಾರು 3,100 ಜನ ಬೇಕು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದು ದಿನನಿತ್ಯದ ಮಾತು. ಮೂರು ಟೆಸ್ಟ್ ಕೇಸ್ ಪಾಸಾದ ಮಾತ್ರಕ್ಕೆ ಬಗ್ ಇಲ್ಲ ಅಂತ ಯಾರೂ ಸಹಿ ಹಾಕಲ್ಲ. ನಾವು ಎಷ್ಟು ಹುಡುಕಿದ್ದೀವಿ ಅನ್ನೋದು ಮುಖ್ಯ.

ಮೇಲೆ ಬಳಸಿದ 13 ಮತ್ತು 10.7 ನಾನು ಕಟ್ಟಿದ ಅಂಕಿಗಳಲ್ಲ. 1986ರಲ್ಲಿ ಇಟಲಿಯ ಜಿಸ್ಸಿ ಪ್ರಯೋಗ 11,806 ರೋಗಿಗಳನ್ನು ಸೇರಿಸಿಕೊಂಡು 21 ದಿನಗಳ ಸಾವಿನ ಲೆಕ್ಕದಲ್ಲಿ ಕಂಡದ್ದೇ ಇದನ್ನು. ಆಮೇಲೆ, 1992ರಲ್ಲಿ, ಜೋಸೆಫ್ ಲಾವ್ ಮತ್ತು ಸಂಗಡಿಗರು ಹಳೆಯ ಪ್ರಯೋಗಗಳನ್ನು ವರ್ಷದ ಕ್ರಮದಲ್ಲಿ ಒಂದೊಂದಾಗಿ ಕೂಡಿಸುತ್ತಾ ಹೋದರು. 1973ರ ಹೊತ್ತಿಗೆ, ಎಂಟು ಪ್ರಯೋಗಗಳ 2,432 ರೋಗಿಗಳನ್ನು ಒಟ್ಟಿಗೆ ನೋಡಿದರೆ, ಉತ್ತರ ಆಗಲೇ ಗಮನಾರ್ಹವಾಗಿತ್ತು. ಜಿಸ್ಸಿಗಿಂತ ಹದಿಮೂರು ವರ್ಷ ಮೊದಲೇ!

ಹಾಗಾದರೆ ಪ್ರಯೋಗ ಮುಗಿದ ಮೇಲೆ ಪವರ್ ಲೆಕ್ಕ ಹಾಕಿ ನೋಡಿದರೆ ಗೊತ್ತಾಗಲ್ವಾ? ಬಹಳ ಜನ ಹಾಗೇ ಮಾಡ್ತಾರೆ. ಬಂದ ವ್ಯತ್ಯಾಸವನ್ನೇ ನಿಜವಾದ ವ್ಯತ್ಯಾಸ ಅಂದುಕೊಂಡು, ಅದರಿಂದ ಪವರ್ ತೆಗೀತಾರೆ. 2001ರಲ್ಲಿ ಹೋನಿಗ್ ಮತ್ತು ಹೈಸಿ ಇದರ ಹುಳುಕು ಬಿಡಿಸಿಟ್ಟರು. ಹೀಗೆ ತೆಗೆದ ಪವರ್ ಅಂದ್ರೆ ಪಿ-ಮೌಲ್ಯವೇ, ಅಂಗಿ ಬದಲಿಸಿ ಬಂದಿರುತ್ತೆ ಅಷ್ಟೇ. ಪಿ 0.05 ಇದ್ದರೆ ಈ ಪವರ್ ಸುಮಾರು 50%. ಪಿ ಅದಕ್ಕಿಂತ ಹೆಚ್ಚಿದ್ದರೆ ಪವರ್ ಅದಕ್ಕಿಂತ ಕಡಿಮೆ. ಅಂದರೆ ಗಮನಾರ್ಹವಲ್ಲದ ಫಲಿತಾಂಶಕ್ಕೆಲ್ಲ ಪವರ್ ಸಾಲದು ಅಂತಲೇ ಉತ್ತರ ಬರುತ್ತೆ, ಪ್ರಯೋಗ ಹತ್ತು ಜನರದ್ದಾಗಿರಲಿ, ಹತ್ತು ಸಾವಿರ ಜನರದ್ದಾಗಿರಲಿ. ಹೊಸದೇನೂ ತಿಳಿಯಲಿಲ್ಲ. ಪವರ್ ಲೆಕ್ಕ ಹಾಕಬೇಕಾದ್ದು ಪ್ರಯೋಗಕ್ಕೆ ಮುಂಚೆ, ಅದೂ ಎಷ್ಟು ವ್ಯತ್ಯಾಸವಾದರೆ ರೋಗಿಗೆ ಲಾಭ ಅನ್ನೋದನ್ನು ಇಟ್ಟುಕೊಂಡು.

ಮುಗಿದ ಮೇಲೆ ನೋಡಬೇಕಾದ್ದು ಅಂದಾಜಿನ ವ್ಯಾಪ್ತಿ, ಅಂದರೆ 95% ಕಾನ್ಫಿಡೆನ್ಸ್ ಇಂಟರ್ವಲ್. ನಮ್ಮ ಚಿಕ್ಕ ಪ್ರಯೋಗದಲ್ಲಿ ನೂರಕ್ಕೆ 13 ಮತ್ತು 11 ಸಾವು ಬಂದವು ಅಂತಿಟ್ಟುಕೊಳ್ಳಿ. ಪಿ-ಮೌಲ್ಯ ಸುಮಾರು 0.66, ಗಮನಾರ್ಹವಲ್ಲ. ಆದರೆ ವ್ಯಾಪ್ತಿ ನೋಡಿ: ಔಷಧಿ ನೂರಕ್ಕೆ 11 ಜನರನ್ನು ಉಳಿಸುವುದರಿಂದ ಹಿಡಿದು ಇನ್ನೂ 7 ಜನರನ್ನು ಸಾಯಿಸುವವರೆಗೆ ಯಾವುದಕ್ಕೂ ಈ ಅಂಕಿಗಳು ಹೊಂದುತ್ತವೆ. ಇಂಥದ್ದನ್ನು ಓದಿ 'ಔಷಧಿ ಪ್ರಯೋಜನವಿಲ್ಲ' ಅನ್ನೋಕಾಗಲ್ಲ. 'ನಮಗಿನ್ನೂ ಗೊತ್ತಿಲ್ಲ' ಅನ್ನಬಹುದು. ಅದೇ ವ್ಯಾಪ್ತಿ ಸೊನ್ನೆಯ ಆಚೀಚೆ ನೂರಕ್ಕೆ ಅರ್ಧದಷ್ಟು ಮಾತ್ರ ಇದ್ದಿದ್ದರೆ, ದೊಡ್ಡ ಲಾಭ ಇಲ್ಲ ಅಂತ ಧೈರ್ಯವಾಗಿ ಹೇಳಬಹುದಿತ್ತು. ಇಲ್ಲ ಅನ್ನೋದಕ್ಕೂ ಪುರಾವೆ ಬೇಕು, ಮತ್ತು ಅದು ಸಿಗೋದು ಚೆನ್ನಾಗಿ ಹುಡುಕಿದವರಿಗೆ.

1995ರಲ್ಲಿ ಆಲ್ಟ್‌ಮನ್ ಮತ್ತು ಬ್ಲಾಂಡ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದೇ ವಿಷಯದ ಮೇಲೆ ಒಂದು ಪುಟ್ಟ ಟಿಪ್ಪಣಿ ಬರೆದರು. ಅವರು ಕೊಟ್ಟ ಉದಾಹರಣೆಗಳಲ್ಲಿ ಹೆಪ್ಪು ಕರಗಿಸುವ ಔಷಧಿಯದ್ದೂ ಒಂದು: 24 ಪ್ರಯೋಗಗಳಲ್ಲಿ ಗಮನಾರ್ಹವಾಗಿದ್ದದ್ದು ಐದೇ ಐದು, ಒಟ್ಟು ಸೇರಿಸಿದರೆ ಸಾವು 22% ಕಡಿಮೆ. ಉಳಿದ ಹತ್ತೊಂಬತ್ತು ವರದಿಗಳು ಸುಳ್ಳು ಹೇಳಿರಲಿಲ್ಲ. 'ಕಾಣಲಿಲ್ಲ' ಅಂತ ಬರೆದದ್ದನ್ನು ಓದಿದವರು 'ಇಲ್ಲ' ಅಂತ ಓದಿಕೊಂಡರು. ಅಷ್ಟರಲ್ಲಿ ಆಸ್ಪತ್ರೆಗೆ ಬಂದ ಎಷ್ಟೋ ಹೃದಯಾಘಾತದ ರೋಗಿಗಳಿಗೆ ಆ ಔಷಧಿ ಸಿಗಲೇ ಇಲ್ಲ.