ತಕ್ಷಶಿಲೆಯ ಬೆಳ್ಳಿಯ ಪಣಗಳು: ಮುದ್ರೆ, ತೂಕ, ಸವಕಳಿ

ಕ್ರಿ. ಶ. ಐದನೆಯ ಶತಮಾನದಲ್ಲಿದ್ದ ಬೌದ್ಧಾಚಾರ್ಯ ಬುದ್ಧಘೋಷನು ತನ್ನ 'ವಿಸುದ್ಧಿಮಗ್ಗ'ದಲ್ಲಿ ಅರಿವಿನ ತರತಮಗಳನ್ನು ವಿವರಿಸಲು ನಾಣ್ಯದ ದೃಷ್ಟಾಂತವೊಂದನ್ನು ಕೊಡುತ್ತಾನೆ. ಚಿನಿವಾರನ ಹಲಗೆಯ ಮೇಲೆ ನಾಣ್ಯಗಳ ರಾಶಿ ಬಿದ್ದಿದೆ. ಮಗುವಿಗೆ ಕಾಣುವುದು ಅವುಗಳ ಬಣ್ಣ ಮತ್ತು ಆಕಾರ ಮಾತ್ರ. ಇವುಗಳಿಂದ ಬೇಕಾದುದನ್ನು ಕೊಳ್ಳಬಹುದೆಂದು ಹಳ್ಳಿಗನು ಬಲ್ಲನಾದರೂ ಯಾವುದು ಖರೆ, ಯಾವುದು ಖೋಟಾ ಎಂಬುದನ್ನು ಅರಿಯನು. ಚಿನಿವಾರನಾದರೋ ನೋಡಿ, ಮುಟ್ಟಿ, ದನಿಗೇಳಿಸಿ, ಕೈಯಲ್ಲಿ ತೂಗಿ, ಅದು ಯಾವ ಊರಿನದು, ಯಾವ ಕುಶಲಿಗನ ಕೈಕೆಲಸ ಎಂಬುದನ್ನೂ ಹೇಳಬಲ್ಲನು. ಬುದ್ಧಘೋಷನ ಉದ್ದೇಶ ಪ್ರಜ್ಞೆಯ ವಿವರಣೆಯೇ ಹೊರತು ವ್ಯಾಪಾರದ ಚರಿತ್ರೆಯಲ್ಲ. ಆದರೂ ಪ್ರಾಚೀನ ಭಾರತದಲ್ಲಿ ನಾಣ್ಯವೊಂದು ಕೈಯಿಂದ ಕೈಗೆ ಹೇಗೆ ಸಾಗುತ್ತಿತ್ತೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ದೊರೆಯದು.

ನಾಣ್ಯ ಹುಟ್ಟುವ ಮೊದಲೂ ಬೆಳ್ಳಿಯು ವಿನಿಮಯದ ಸಾಧನವಾಗಿದ್ದಿತು. ಆದರೆ ಪ್ರತಿಯೊಂದು ವ್ಯವಹಾರದಲ್ಲಿಯೂ ಲೋಹವನ್ನು ತೂಗಬೇಕು, ಒರೆಗೆ ಹಚ್ಚಬೇಕು. ಕ್ರಿ. ಪೂ. ಏಳನೆಯ ಶತಮಾನದಲ್ಲಿ ಏಷ್ಯಾ ಮೈನರಿನ ಲಿಡಿಯಾ ರಾಜ್ಯವು ಚಿನ್ನ ಬೆಳ್ಳಿ ಬೆರೆತ ಲೋಹದ ಗಟ್ಟಿಗಳಿಗೆ ಗೊತ್ತಾದ ತೂಕವನ್ನು ಕೊಟ್ಟು ಮುದ್ರೆಯೊತ್ತಿದಾಗ ಈ ಶ್ರಮವನ್ನು ಮುದ್ರೆಯೊತ್ತಿದವನೇ ಒಮ್ಮೆಗೆ ವಹಿಸಿಕೊಂಡಂತಾಯಿತು. ಭಾರತದಲ್ಲಿ ಈ ಕಾರ್ಯವು ಬೇರೊಂದು ಬಗೆಯಲ್ಲಿ ನಡೆಯಿತು. ಲಿಡಿಯಾದ ನಾಣ್ಯಕ್ಕೆ ಅಚ್ಚಿನಿಂದ ಚಿತ್ರವನ್ನು ಮೂಡಿಸುತ್ತಿದ್ದರು. ನಮ್ಮ ನಾಣ್ಯದ ಮೇಲಾದರೋ ಹಲವು ಚಿಹ್ನೆಗಳನ್ನು ಬೇರೆಬೇರೆ ಉಳಿಗಳಿಂದ ಒಂದೊಂದಾಗಿ ಒತ್ತುತ್ತಿದ್ದರು.

ಅದರ ಕ್ರಮ ಹೀಗಿತ್ತು. ಬೆಳ್ಳಿಯನ್ನು ಬಡಿದು ತಗಡು ಮಾಡಿ, ಪಟ್ಟಿಗಳಾಗಿ ಸೀಳಿ, ಪಟ್ಟಿಯನ್ನು ತುಂಡುಗಳಾಗಿ ಕತ್ತರಿಸುತ್ತಿದ್ದರು. ತುಂಡು ಗೊತ್ತಾದ ತೂಕಕ್ಕಿಂತ ಹೆಚ್ಚಾಗಿದ್ದರೆ ಅದರ ಮೂಲೆಯನ್ನು ಕತ್ತರಿಸಿ ಸರಿಪಡಿಸುತ್ತಿದ್ದರು. ಈ ನಾಣ್ಯಗಳಲ್ಲಿ ಎರಡು ಒಂದೇ ಆಕಾರದವು ದೊರೆಯುವುದು ಅಪೂರ್ವವೆಂಬುದಕ್ಕೆ ಇದೇ ಕಾರಣ. ಅನಂತರ ಚಿಹ್ನೆಗಳನ್ನು ಒತ್ತುವಾಗ ಒಂದು ಇನ್ನೊಂದರ ಮೇಲೆ ಬೀಳುತ್ತಿತ್ತು. ಕೆಲವು ಅಂಚಿನಾಚೆಗೆ ಜಾರಿ ಅರ್ಧವೇ ಉಳಿಯುತ್ತಿದ್ದವು. ಆಕಾರದಲ್ಲಿ ಇಷ್ಟು ಅಲಕ್ಷ್ಯವಿದ್ದರೂ ತೂಕದಲ್ಲಿ ಅಲಕ್ಷ್ಯವಿರಲಿಲ್ಲ. ಕಾರ್ಷಾಪಣ ಅಥವಾ ಪಣವೆಂದು ಹೆಸರಾದ ಈ ನಾಣ್ಯದ ಪ್ರಮಾಣ 32 ಗುಲಗಂಜಿ, ಎಂದರೆ ಸುಮಾರು ಮೂರೂವರೆ ಗ್ರಾಂ. ನಾವು ಇಂದಿಗೂ ಆಡುವ 'ಹಣ' ಎಂಬ ಮಾತು ಈ 'ಪಣ'ದಿಂದಲೇ ಬಂದುದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ.

ಮೊದಮೊದಲು ಜನಪದಕ್ಕೊಂದು ಬಗೆಯ ನಾಣ್ಯವಿದ್ದಿತು. ಗಾಂಧಾರದಲ್ಲಿ ತುದಿಗಳೆರಡರಲ್ಲಿಯೂ ಮುದ್ರೆಯಿದ್ದ, ತುಸು ಬಾಗಿದ ಸಲಾಕೆಗಳು ನಡೆಯುತ್ತಿದ್ದವು. ಅವುಗಳ ತೂಕ ಹನ್ನೊಂದು ಗ್ರಾಮಿನ ಆಸುಪಾಸು. ಗಂಗಾ ಬಯಲಿನ ರಾಜ್ಯಗಳ ನಾಣ್ಯಗಳಲ್ಲಿಯೂ ಆಕಾರ, ತೂಕ, ಚಿಹ್ನೆಗಳು ಬೇರೆಬೇರೆಯಾಗಿದ್ದವು. ಒಂದು ರಾಜ್ಯದ ಗಡಿ ದಾಟಿದ ವರ್ತಕನಿಗೆ ಮತ್ತೆ ತಕ್ಕಡಿಯೇ ಗತಿ. ಮಗಧವು ಹಬ್ಬಿದಂತೆ ಮುಮ್ಮುಖದಲ್ಲಿ ಐದು ಚಿಹ್ನೆಗಳುಳ್ಳ ಪಣವು ಎಲ್ಲೆಡೆ ಹರಡಿ ಇವುಗಳ ಸ್ಥಾನವನ್ನು ಆಕ್ರಮಿಸಿತು. ಸೂರ್ಯನ ಚಿಹ್ನೆ ಮತ್ತು ಆರು ಅರಗಳ ಚಿಹ್ನೆ ಈ ಮಾಲೆಯಲ್ಲಿ ಬಹುಮಟ್ಟಿಗೆ ಸ್ಥಿರ, ಉಳಿದವು ಬದಲಾಗುತ್ತವೆ. ವಾಯವ್ಯದ ತಕ್ಷಶಿಲೆಯಲ್ಲಿ ದೊರೆತ ಈ ಜಾತಿಯ ಪಣವೇ ಆಂಧ್ರದ ಅಮರಾವತಿಯ ನಿಕ್ಷೇಪದಲ್ಲಿಯೂ ಸಾವಿರಗಟ್ಟಲೆ ದೊರೆತಿದೆ.

ಈ ಪಣವನ್ನು ಎಣಿಸಿ ಸ್ವೀಕರಿಸುತ್ತಿದ್ದರೋ, ತೂಗಿ ಸ್ವೀಕರಿಸುತ್ತಿದ್ದರೋ? ಇದಕ್ಕೆ ಉತ್ತರವನ್ನು ಹುಡುಕಿದವರು ಪುಣೆಯಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ದಾಮೋದರ ಧರ್ಮಾನಂದ ಕೋಸಂಬಿಯವರು. ತಕ್ಷಶಿಲೆಯ ಭೀರ್ ದಿಬ್ಬದಲ್ಲಿ ಎರಡು ನಿಕ್ಷೇಪಗಳು ದೊರೆತಿದ್ದವು. 1924ರಲ್ಲಿ ಸಿಕ್ಕ ದೊಡ್ಡ ನಿಕ್ಷೇಪದಲ್ಲಿ ಸಾವಿರಕ್ಕೂ ಹೆಚ್ಚು ಬೆಳ್ಳಿಯ ನಾಣ್ಯಗಳ ಜೊತೆಗೆ ಅಲೆಕ್ಸಾಂಡರನ ಎರಡು ಮತ್ತು ಅವನ ಉತ್ತರಾಧಿಕಾರಿ ಫಿಲಿಪ್ ಅರ್ರಿಡಿಯಸನ ಒಂದು ನಾಣ್ಯ, ಸವೆಯದ ಸ್ಥಿತಿಯಲ್ಲಿ ಇದ್ದವು. ಆದುದರಿಂದ ಅದನ್ನು ಹೂಳಿದ ಕಾಲ ಕ್ರಿ. ಪೂ. 317ರ ಸುಮಾರು ಎಂದು ಹೇಳಬಹುದು. ಇನ್ನೊಂದು ಚಿಕ್ಕ ನಿಕ್ಷೇಪದಲ್ಲಿ ಡಿಯೋಡೋಟಸನ ನಾಣ್ಯವಿದ್ದುದರಿಂದ ಅದು ಕ್ರಿ. ಪೂ. ಮೂರನೆಯ ಶತಮಾನದ ನಡುಗಾಲದ್ದು. ಹೀಗೆ ಮೌರ್ಯರ ಆಳಿಕೆಯ ಆರಂಭಕ್ಕೊಂದು, ಅದರ ಮಧ್ಯಕ್ಕೊಂದು ಸಾಕ್ಷಿ ದೊರೆತಂತಾಯಿತು.

ಈ ಪಣಗಳ ಹಿಮ್ಮುಖದಲ್ಲಿ ಚಿಕ್ಕ ಚಿಕ್ಕ ಮುದ್ರೆಗಳಿವೆ. ಕೆಲವದರಲ್ಲಿ ಒಂದೂ ಇಲ್ಲ, ಕೆಲವದರಲ್ಲಿ ಹಲವಿವೆ. ಕೋಸಂಬಿಯವರು ನಾಣ್ಯಗಳನ್ನು ಒಂದೊಂದಾಗಿ ತೂಗಿ, ಹಿಮ್ಮುಖದ ಮುದ್ರೆಗಳ ಸಂಖ್ಯೆಗನುಸಾರವಾಗಿ ಗುಂಪು ಮಾಡಿ, ಪ್ರತಿಯೊಂದು ಗುಂಪಿನ ಸರಾಸರಿ ತೂಕವನ್ನು ಕಂಡುಹಿಡಿದರು. ಮುದ್ರೆಗಳು ಹೆಚ್ಚಿದಂತೆ ಸರಾಸರಿ ತೂಕವು ಕ್ರಮವಾಗಿ ಇಳಿಯುವುದು ಕಂಡುಬಂದಿತು. ಕೈಯಿಂದ ಕೈಗೆ ಸಾಗುವ ನಾಣ್ಯವು ಕಾಲಕ್ಕೆ ತಕ್ಕಂತೆ ಸವೆಯುವುದೆಂಬುದನ್ನು ಅವರು ತಮ್ಮ ಕಾಲದ ಸಾವಿರಾರು ಚಲಾವಣೆಯ ನಾಣ್ಯಗಳನ್ನು ತೂಗಿ ದೃಢಪಡಿಸಿಕೊಂಡಿದ್ದರು. ಆದುದರಿಂದ ಹಿಮ್ಮುಖದ ಮುದ್ರೆಗಳು ಟಂಕಸಾಲೆಯಲ್ಲಿ ಒಮ್ಮೆಗೇ ಒತ್ತಿದವಲ್ಲ. ಚಲಾವಣೆಯ ನಡುವೆ ಪರೀಕ್ಷಕರು ಆಗಾಗ ನಾಣ್ಯವನ್ನು ನೋಡಿ ಒತ್ತಿದವು ಎಂಬುದು ಅವರ ನಿರ್ಣಯ. ಎಂದರೆ ಪಣವು ಎಣಿಕೆಯಿಂದ ಸಾಗುತ್ತಿದ್ದರೂ ಆ ಎಣಿಕೆಯ ಹಿಂದೆ ತಕ್ಕಡಿ ಹಿಡಿದ ಚಿನಿವಾರನು ನಿಂತಿದ್ದನು.

ಈ ವಿಧಾನಕ್ಕೆ ಮಿತಿಯೂ ಉಂಟು. ಸರಾಸರಿಯು ಗುಂಪಿನ ಸ್ವಭಾವವನ್ನು ಹೇಳುವುದೇ ಹೊರತು ಬಿಡಿ ನಾಣ್ಯವೊಂದರ ವಯಸ್ಸನ್ನಲ್ಲ. ಮಣ್ಣಿನಲ್ಲಿ ಕಿಲುಬು ಹತ್ತಿದರೆ, ಆಮ್ಲದಿಂದ ತೊಳೆದರೆ ತೂಕ ಬದಲಾಗುತ್ತದೆ. ಒಟ್ಟಿಗೆ ಹೂತು ಒಟ್ಟಿಗೆ ಎತ್ತಿದ ನಾಣ್ಯಗಳನ್ನು ಮಾತ್ರ ಹೀಗೆ ಹೋಲಿಸಬಹುದು. ಪೇಟೆಯಲ್ಲಿ ಕೊಂಡು ಕೂಡಿಸಿದ ಸಂಗ್ರಹಗಳಿಂದ ಈ ಸತ್ಯವು ಹೊರಡುವುದಿಲ್ಲ. ನಿಕ್ಷೇಪವು ಸಿಕ್ಕಿದ ಕೂಡಲೇ ಅದನ್ನು ಹಂಚಿಕೊಂಡು ಮಾರಿದರೆ ಬೆಳ್ಳಿ ಉಳಿದೀತು, ಚರಿತ್ರೆಯು ಹೋಗುತ್ತದೆ.

ಚಿಕ್ಕ ನಿಕ್ಷೇಪವು ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ಅದರ ಪಣಗಳಲ್ಲಿಯೂ ತೂಕದ ಪ್ರಮಾಣ ಹಿಂದಿನದೇ. ಆದರೆ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಬಹಳ ಹೆಚ್ಚು. ತಾಮ್ರದ ಬೆರಕೆಯೂ ಹೆಚ್ಚು. ಕೌಟಿಲ್ಯನ ಅರ್ಥಶಾಸ್ತ್ರವು ಹದಿನಾರು ಮಾಷಗಳ ಬೆಳ್ಳಿಯ ಪಣಕ್ಕೆ ನಾಲ್ಕು ಮಾಷ ತಾಮ್ರವನ್ನೂ, ಕಬ್ಬಿಣ, ತವರ, ಸೀಸ, ಅಂಜನಗಳಲ್ಲಿ ಒಂದನ್ನು ಒಂದು ಮಾಷದಷ್ಟೂ ಬೆರೆಸಲು ಹೇಳುತ್ತದೆ. ಉಳಿದ ಬೆಳ್ಳಿ ಹನ್ನೊಂದು ಮಾಷ. ಎಂದರೆ 32 ಗುಲಗಂಜಿಯ ಪಣದಲ್ಲಿ 22 ಗುಲಗಂಜಿಯ ಬೆಳ್ಳಿ. ಕೋಸಂಬಿಯವರ ಪ್ರಕಾರ ಈ ನಿಕ್ಷೇಪದಲ್ಲಿ ಬೆರಕೆಯು ಅರ್ಧವನ್ನೂ ಮೀರಿತ್ತು. ಒರಟು ಕೆಲಸ, ತೂಕದ ಏರಿಳಿತ, ಬೆರಕೆ ಇವೆಲ್ಲ ಕೂಡಿ, ಆತುರದಿಂದ ಅಪಾರ ಸಂಖ್ಯೆಯಲ್ಲಿ ನಾಣ್ಯ ಹೊಡೆಯಬೇಕಾಗಿ ಬಂದ ರಾಜ್ಯವೊಂದರ ಇಕ್ಕಟ್ಟನ್ನು ಅವರು ಇಲ್ಲಿ ಕಂಡರು.

ಹೊರನೋಟಕ್ಕೆ ಪಣವು ಬದಲಾಗಿರಲಿಲ್ಲ. ಅದೇ ಸೂರ್ಯ, ಅದೇ ಆರು ಅರ, ಅದೇ 32 ಗುಲಗಂಜಿ. ಒಂದು ಪಣ ಕೊಟ್ಟರೆ ಇನ್ನೊಂದು ಪಣದಷ್ಟೇ ಸರಕು ಬರುವುದೆಂದು ಹಳ್ಳಿಗನು ನಂಬಿದ್ದನು. ಆ ನಂಬಿಕೆಯನ್ನು ಹುಟ್ಟಿಸಿದ್ದೇ ಮುದ್ರೆಯ ಸಾಧನೆ. ಅದನ್ನೇ ಆಸರೆಯಾಗಿಸಿಕೊಂಡು ಬೆಳ್ಳಿಯನ್ನು ಕಡಮೆ ಮಾಡಲು ಬೊಕ್ಕಸಕ್ಕೆ ದಾರಿಯಾದುದೂ ಮುದ್ರೆಯೇ. ಹೀಗಾಗಿ ಮುದ್ರೆಯು ತಕ್ಕಡಿಯ ಕೆಲಸವನ್ನು ಹಗುರ ಮಾಡಿತಾದರೂ ಚಿನಿವಾರನ ಕಣ್ಣನ್ನು ಅನಾವಶ್ಯಕಗೊಳಿಸಲಿಲ್ಲ. ಬುದ್ಧಘೋಷನ ದೃಷ್ಟಾಂತದಲ್ಲಿ ಅವನಿಗೆ ಮೇಲಿನ ಸ್ಥಾನ ದೊರೆತುದು ಕೇವಲ ಅಲಂಕಾರಕ್ಕಲ್ಲ.